ಶೇಕಡಾ 84ರ ಹಿಂದೆ ಯಾರಿದ್ದಾರೆ? ಸ್ಟೀಮ್ ವಿಮರ್ಶೆಗಳನ್ನು ಓದುವ ಬಗೆ

ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆಟವೊಂದರ ಪುಟ ತೆರೆದರೆ ಕಣ್ಣು ಮೊದಲು ಹೋಗುವುದು ಬೆಲೆಯ ಕಡೆಗೆ, ಆಮೇಲೆ ವಿಮರ್ಶೆಯ ಸಾಲಿನ ಕಡೆಗೆ. ಅಲ್ಲಿ ನೀಲಿ ಬಣ್ಣದಲ್ಲಿ Very Positive ಎಂದಿದ್ದರೆ ಕೈ ತಾನಾಗಿಯೇ ಕೊಳ್ಳುವ ಗುಂಡಿಯತ್ತ ಸರಿಯುತ್ತದೆ. Mixed ಎಂದಿದ್ದರೆ ಪುಟ ಮುಚ್ಚುತ್ತೇವೆ. ಎರಡೂ ಅವಸರದ ತೀರ್ಮಾನಗಳೇ. ಆ ಎರಡು ಪದಗಳು ಹುಟ್ಟುವುದು ಹೇಗೆಂದು ತಿಳಿದರೆ, ಅವುಗಳನ್ನು ಬೀಳಿಸುವುದಕ್ಕೂ ಏರಿಸುವುದಕ್ಕೂ ಜನ ಹೂಡುವ ತಂತ್ರಗಳು ತಕ್ಕಮಟ್ಟಿಗೆ ಬರಿಗಣ್ಣಿಗೇ ಕಾಣತೊಡಗುತ್ತವೆ.

ಸ್ಟೀಮ್‌ನಲ್ಲಿ ನಕ್ಷತ್ರಗಳಿಲ್ಲ. ಬರೆಯುವವನ ಮುಂದಿರುವುದು ಒಂದೇ ಪ್ರಶ್ನೆ: ಈ ಆಟವನ್ನು ಬೇರೆಯವರಿಗೆ ಶಿಫಾರಸು ಮಾಡುತ್ತೀರಾ, ಇಲ್ಲವಾ? ಹೆಬ್ಬೆರಳು ಮೇಲಕ್ಕೆ ಅಥವಾ ಕೆಳಕ್ಕೆ. ಪುಟದಲ್ಲಿ ಕಾಣುವ ಶೇಕಡಾವಾರು ಅಂಕಿ ಮೇಲಕ್ಕೆತ್ತಿದ ಹೆಬ್ಬೆರಳುಗಳ ಪಾಲು ಮಾತ್ರ. ಹಾಗಾಗಿ ಶೇಕಡಾ 84 ಎಂದರೆ ಆಟಕ್ಕೆ ನೂರಕ್ಕೆ 84 ಅಂಕ ಸಿಕ್ಕಿದೆ ಎಂದು ಅರ್ಥವಲ್ಲ. ‘ಪರವಾಗಿಲ್ಲ, ಆಡಬಹುದು’ ಎಂದು ಎಲ್ಲರೂ ಹೇಳುವ ಸಾಧಾರಣ ಆಟ 95ರ ಮೇಲೆ ನಿಲ್ಲಬಹುದು. ಕೆಲವರಿಗೆ ಜೀವದಷ್ಟು ಇಷ್ಟವಾಗಿ ಉಳಿದವರಿಗೆ ತಲೆಬುಡ ಅರ್ಥವಾಗದ ಅಪರೂಪದ ಆಟ 70ರಲ್ಲೇ ಉಳಿಯಬಹುದು. ಹತ್ತು ವಿಮರ್ಶೆಗಳಾದರೂ ಬರುವವರೆಗೆ ಯಾವ ಹಣೆಪಟ್ಟಿಯೂ ಅಂಟುವುದಿಲ್ಲ. 40ರಿಂದ 69ರವರೆಗೆ Mixed, 70ರಿಂದ 79ರವರೆಗೆ Mostly Positive. ಸಾಕಷ್ಟು ವಿಮರ್ಶೆಗಳಿದ್ದು 80 ದಾಟಿದರೆ Very Positive. ಅಂದರೆ 69 ಮತ್ತು 70ರ ನಡುವಿನ ಒಂದೇ ಅಂಕದಲ್ಲಿ ಹಣೆಪಟ್ಟಿಯ ಬಣ್ಣವೇ ಬದಲಾಗುತ್ತದೆ. ಸಿಟ್ಟಿಗೆದ್ದ ಗುಂಪಿಗೂ, ಹೊಗಳಿಕೆಯನ್ನು ಕೊಳ್ಳುವ ತಯಾರಕನಿಗೂ ಈ ಗಡಿಗಳ ಮೇಲೇ ಕಣ್ಣು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಒಟ್ಟು ಅಂಕಿಗೂ ಇತ್ತೀಚಿನ ಅಂಕಿಗೂ ಇರುವ ಅಂತರ. 2016ರಿಂದ ಸ್ಟೀಮ್ ಇವೆರಡನ್ನೂ ಬೇರೆ ಬೇರೆಯಾಗಿ ತೋರಿಸುತ್ತಿದೆ. ಇತ್ತೀಚಿನದು ಎಂದರೆ ಕಳೆದ 30 ದಿನ. ಒಂದು ಆಟದ ಪುಟದಲ್ಲಿ ಒಟ್ಟು 8,400 ವಿಮರ್ಶೆಗಳಲ್ಲಿ ಶೇಕಡಾ 84 ಮೆಚ್ಚುಗೆ, ಕಳೆದ 30 ದಿನಗಳ 900 ವಿಮರ್ಶೆಗಳಲ್ಲಿ ಶೇಕಡಾ 41 ಮೆಚ್ಚುಗೆ ಎಂದಿದೆ ಎಂದಿಟ್ಟುಕೊಳ್ಳೋಣ. ಲೆಕ್ಕ ಸುಲಭ. ಒಟ್ಟು ಮೆಚ್ಚಿದವರು 7,056. ಅವರಲ್ಲಿ ಈ ತಿಂಗಳಿನವರು 369. ಉಳಿದ 6,687 ಮಂದಿ ಹಳೆಯ 7,500 ವಿಮರ್ಶೆಗಳಿಂದ ಬಂದವರು. ಅಲ್ಲಿಗೆ ಈ ತಿಂಗಳ ಮೊದಲು ಆಟದ ಮಟ್ಟ ಶೇಕಡಾ 89 ಇತ್ತು. 89ರಿಂದ 41ಕ್ಕೆ ಬೀಳುವುದು ಜನರ ಅಭಿರುಚಿ ನಿಧಾನವಾಗಿ ಬದಲಾದದ್ದರಿಂದಲ್ಲ. ಏನೋ ನಡೆದಿದೆ. ಅದು ಆಟದೊಳಗೆ ನಡೆದದ್ದೋ ಹೊರಗೆ ನಡೆದದ್ದೋ ಎಂಬುದನ್ನು ಪತ್ತೆಹಚ್ಚುವುದೇ ಮುಂದಿನ ಕೆಲಸ.

ಅದಕ್ಕೆ ಬೇಕಾದ ಸಲಕರಣೆ ಅದೇ ಪುಟದ ಕೆಳಭಾಗದಲ್ಲಿದೆ. ವಿಮರ್ಶೆಗಳ ವಿಭಾಗಕ್ಕೆ ಇಳಿದರೆ ಒಂದು ಸ್ತಂಭ ನಕ್ಷೆ ಸಿಗುತ್ತದೆ. ಮೆಚ್ಚುಗೆಗಳು ಗೆರೆಯ ಮೇಲೆ ನೀಲಿ ಕಂಬಗಳಾಗಿ, ಟೀಕೆಗಳು ಗೆರೆಯ ಕೆಳಗೆ ಕೆಂಪು ಕಂಬಗಳಾಗಿ ನಿಂತಿರುತ್ತವೆ. ಒಂದು ಕಡೆ ಆಟ ಬಿಡುಗಡೆಯಾದ ದಿನದಿಂದ ಇಂದಿನವರೆಗಿನ ಚರಿತ್ರೆ, ಇನ್ನೊಂದು ಕಡೆ ಕಳೆದ 30 ದಿನಗಳ ದಿನವಾರು ವಿವರ. ಯಾವುದೇ ಕಂಬವನ್ನು ಒತ್ತಿದರೆ ಆ ಅವಧಿಯ ವಿಮರ್ಶೆಗಳಷ್ಟೇ ಕೆಳಗೆ ಬರುತ್ತವೆ. ಹೆಚ್ಚಿನವರು ಇದನ್ನು ಅಲಂಕಾರವೆಂದುಕೊಂಡು ದಾಟಿಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ. ತಯಾರಕರು ಹಾಕುವ ಟ್ರೈಲರ್ ಕೂಡ ಇದರಷ್ಟು ಹೇಳುವುದಿಲ್ಲ.

ಈ ನಕ್ಷೆ ಬಂದದ್ದೇ ಒಂದು ದಾಳಿಯ ಬಳಿಕ. 2017ರ ಸೆಪ್ಟೆಂಬರ್‌ನಲ್ಲಿ ಪ್ರಸಿದ್ಧ ಯೂಟ್ಯೂಬರ್ ಪ್ಯೂಡಿಪೈ ನೇರ ಪ್ರಸಾರದಲ್ಲಿ ಜನಾಂಗೀಯ ನಿಂದನೆಯ ಪದವೊಂದನ್ನು ಆಡಿದ. ‘ಫೈರ್‌ವಾಚ್’ ಆಟ ತಯಾರಿಸಿದ ಕ್ಯಾಂಪೊ ಸ್ಯಾಂಟೊ ಸಂಸ್ಥೆ, ತನ್ನ ಆಟದ ವಿಡಿಯೊಗಳನ್ನು ಅವನ ಚಾನೆಲ್‌ನಿಂದ ತೆಗೆಸಲು ಕೃತಿಸ್ವಾಮ್ಯ ಕಾಯ್ದೆಯಡಿ ನೋಟಿಸ್ ಕಳಿಸುವುದಾಗಿ ಹೇಳಿತು. ಅಭಿಮಾನಿಗಳು ಸ್ಟೀಮ್‌ಗೆ ನುಗ್ಗಿ, ಒಂದೂವರೆ ವರ್ಷ ಹಿಂದೆ ಬಿಡುಗಡೆಯಾಗಿದ್ದ ಆಟದ ಮೇಲೆ ಟೀಕೆಗಳನ್ನು ಸುರಿದರು. ಆಟದ ಒಂದು ಸಾಲೂ ಬದಲಾಗಿರಲಿಲ್ಲ. ಕಾಡಿನ ಕಾವಲು ಗೋಪುರದಲ್ಲಿ ಕುಳಿತವನ ಆ ಕಥೆ ಹಿಂದಿನ ವಾರ ಎಷ್ಟು ಚೆನ್ನಾಗಿತ್ತೋ ಆ ವಾರವೂ ಅಷ್ಟೇ ಚೆನ್ನಾಗಿತ್ತು. ಅದೇ ತಿಂಗಳು ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಈ ನಕ್ಷೆಯನ್ನು ಸೇರಿಸಿತು. ಯಾವ ವಿಮರ್ಶೆಯನ್ನೂ ಅಳಿಸುವುದು ಬೇಡ, ಯಾವಾಗ ಏನಾಯಿತೆಂದು ಕೊಳ್ಳುವವರಿಗೆ ತೋರಿಸೋಣ ಎಂಬುದು ಆಗಿನ ನಿಲುವು.

ಹೀಗೆ ಗುಂಪಾಗಿ ನುಗ್ಗಿ ವಿಮರ್ಶೆಗಳನ್ನು ಸುರಿಯುವುದಕ್ಕೆ ರಿವ್ಯೂ ಬಾಂಬಿಂಗ್ ಎನ್ನುತ್ತಾರೆ. ಅದರ ಆಕಾರ ನಕ್ಷೆಯಲ್ಲಿ ಥಟ್ಟನೆ ಗುರುತು ಸಿಗುತ್ತದೆ. ತಿಂಗಳುಗಟ್ಟಲೆ ಒಂದೇ ಮಟ್ಟದಲ್ಲಿದ್ದ ಕಂಬಗಳ ನಡುವೆ ಒಮ್ಮೆಲೇ ಒಂದು ಕೆಂಪು ಕಂಬ ಪಾತಾಳಕ್ಕೆ ಇಳಿಯುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಹಳೆಯ ಮಟ್ಟಕ್ಕೆ ಬರುತ್ತದೆ. ಕೆಟ್ಟ ಆಟದ ಆಕಾರ ಬೇರೆ. ಅಲ್ಲಿ ಬಿಡುಗಡೆಯ ದಿನದಿಂದಲೇ ಕೆಂಪು ದಟ್ಟವಾಗಿದ್ದು, ಮಾರಾಟ ಇಳಿದಂತೆ ನೀಲಿಯೂ ಕೆಂಪೂ ಒಟ್ಟಿಗೆ ಕುಗ್ಗುತ್ತವೆ. ಒಂದು ಅಪ್‌ಡೇಟ್‌ನಿಂದ ಆಟ ಕೆಟ್ಟಿದ್ದರೆ ಮೂರನೆಯ ಆಕಾರ ಕಾಣುತ್ತದೆ: ಒಂದು ದಿನದಿಂದ ಕೆಂಪು ಏರಿ, ಇಳಿಯದೆ ವಾರಗಟ್ಟಲೆ ಹಾಗೇ ಉಳಿಯುತ್ತದೆ. ಏಕೆಂದರೆ ಹೊಸದಾಗಿ ಕೊಳ್ಳುವವರೂ ಅದೇ ತೊಂದರೆಗೆ ಸಿಲುಕುತ್ತಿರುತ್ತಾರೆ. ನಮ್ಮ 8,400ರ ಉದಾಹರಣೆಗೆ ಮರಳಿದರೆ, ಆ ತಿಂಗಳ 531 ಟೀಕೆಗಳಲ್ಲಿ 400 ಮೂರೇ ದಿನಗಳಲ್ಲಿ ಬಂದಿದ್ದು, ಉಳಿದ ದಿನಗಳಲ್ಲಿ ನೀಲಿ ಎಂದಿನಂತಿದ್ದರೆ ಸಂಶಯ ಹೊರಗಿನ ಕಾರಣದ ಕಡೆಗೆ ವಾಲಬೇಕು. ಅದೇ 531 ಮೂವತ್ತೂ ದಿನಗಳಿಗೆ ಸಮನಾಗಿ ಹರಡಿಕೊಂಡಿದ್ದರೆ ಆಟದೊಳಗೇ ಏನೋ ಮುರಿದಿದೆ.

ಆಕಾರ ದಾಳಿ ನಡೆದದ್ದನ್ನು ಹೇಳುತ್ತದೆ, ದಾಳಿ ಮಾಡಿದವರು ಸರಿಯೋ ತಪ್ಪೋ ಎಂದು ಹೇಳುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲಿಯೇ. ‘ರಿವ್ಯೂ ಬಾಂಬಿಂಗ್’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅದೆಲ್ಲ ಸುಳ್ಳು ಎಂದು ತಳ್ಳಿಹಾಕುತ್ತಾರೆ. ‘ಹೆಲ್‌ಡೈವರ್ಸ್ 2’ರ ಪ್ರಸಂಗ ಇದಕ್ಕೆ ಒಳ್ಳೆಯ ಉತ್ತರ.

ಆ್ಯರೋಹೆಡ್ ಸಂಸ್ಥೆ ತಯಾರಿಸಿ ಸೋನಿ ಪ್ರಕಟಿಸಿದ ಈ ಆಟ 2024ರ ಫೆಬ್ರುವರಿಯಲ್ಲಿ ಬಿಡುಗಡೆಯಾಗಿ ಭಾರಿ ಜನಪ್ರಿಯವಾಯಿತು. ಮೇ 3ರಂದು ಸೋನಿ ಒಂದು ಪ್ರಕಟಣೆ ಹೊರಡಿಸಿತು: ಸ್ಟೀಮ್‌ನಲ್ಲಿ ಆಡುವವರೂ ಇನ್ನು ಮುಂದೆ ಪ್ಲೇಸ್ಟೇಷನ್ ನೆಟ್‌ವರ್ಕ್ ಖಾತೆಯನ್ನು ಜೋಡಿಸುವುದು ಕಡ್ಡಾಯ. ಆದರೆ ಆ ನೆಟ್‌ವರ್ಕ್ ಅನೇಕ ದೇಶಗಳಲ್ಲಿ ಇರಲೇ ಇಲ್ಲ. ಅಲ್ಲಿಯವರಿಗೂ ಆಟವನ್ನು ಅದಾಗಲೇ ಮಾರಲಾಗಿತ್ತು. ಹಣ ಕೊಟ್ಟು ಮೂರು ತಿಂಗಳು ಆಡಿದವರಿಗೆ ಇನ್ನು ಆಡಲು ಸಾಧ್ಯವೇ ಎಂಬುದೇ ಅನುಮಾನವಾಯಿತು. ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಟೀಕೆಗಳು ಬಂದವು. ನಕ್ಷೆಯಲ್ಲಿ ಅದರ ಆಕಾರ ಫೈರ್‌ವಾಚ್‌ನ ದಾಳಿಯಂತೆಯೇ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ಆದರೆ ಆ ವಾರ ಆಟ ಕೊಳ್ಳಲು ಹೊರಟಿದ್ದವನಿಗೆ ಆ ಟೀಕೆಗಳಲ್ಲಿದ್ದ ಸುದ್ದಿ ಅತ್ಯಗತ್ಯದ್ದು: ನಿಮ್ಮ ದೇಶದಲ್ಲಿ ಆ ಖಾತೆ ತೆರೆಯಲು ಆಗದಿದ್ದರೆ ಹಣ ನೀರುಪಾಲಾಗಬಹುದು. ಪ್ರಕಟಣೆ ಹೊರಬಿದ್ದ ವಾರಾಂತ್ಯ ಮುಗಿಯುವಷ್ಟರಲ್ಲಿ ಸೋನಿ ನಿರ್ಧಾರವನ್ನು ಹಿಂತೆಗೆದುಕೊಂಡಿತು, ಬಹಳ ಮಂದಿ ತಮ್ಮ ಹೆಬ್ಬೆರಳನ್ನು ಮತ್ತೆ ಮೇಲಕ್ಕೆ ತಿರುಗಿಸಿದರು. (ಆ ಕೆಂಪು ಕಂಬಗಳನ್ನೇ ಹೋಲುವ ಮೇಲಂಗಿಯೊಂದನ್ನು ತಯಾರಕರು ಆಟದಲ್ಲಿ ಧರಿಸಲು ವಿನ್ಯಾಸ ಮಾಡಿದರು. ಬೈಗುಳವನ್ನು ಇಷ್ಟು ಸೊಗಸಾಗಿ ಬಟ್ಟೆಯಾಗಿಸಿದ ಇನ್ನೊಂದು ಕಂಪನಿ ನನಗಂತೂ ನೆನಪಿಲ್ಲ.)

ಎರಡು ಪ್ರಕರಣಗಳನ್ನೂ ಬೇರ್ಪಡಿಸುವುದು ಒಂದೇ ಪ್ರಶ್ನೆ. ಈ ಟೀಕೆಗೆ ಕಾರಣವಾದ ಸಂಗತಿ, ನಾನು ಆಟ ಕೊಂಡ ಮೇಲೆ ನನ್ನ ಪರದೆಯ ಮೇಲೆ ಏನಾದರೂ ವ್ಯತ್ಯಾಸ ಮಾಡುತ್ತದೆಯೇ? ಯೂಟ್ಯೂಬರ್‌ನೊಂದಿಗಿನ ಜಗಳ ಮಾಡುವುದಿಲ್ಲ. ಕಡ್ಡಾಯ ಖಾತೆ ಮಾಡುತ್ತದೆ. ಆನ್‌ಲೈನ್ ಸರ್ವರ್ ಮುಚ್ಚುವ ಸುದ್ದಿ, ಉಚಿತವಾಗಿದ್ದದ್ದಕ್ಕೆ ಹಣ ಕೇಳುವ ಅಪ್‌ಡೇಟ್, ಹೊಸದಾಗಿ ಸೇರಿಸಿದ ನಕಲು ತಡೆಯಿಂದ ಆಟ ನಿಧಾನವಾದದ್ದು ಎಲ್ಲವೂ ಮಾಡುತ್ತವೆ. ಮುಂದಿನ ಭಾಗ ಬೇರೊಂದು ಅಂಗಡಿಯಲ್ಲಿ ಮಾತ್ರ ಸಿಗುತ್ತದೆಂಬ ಸಿಟ್ಟು ಮಾಡುವುದಿಲ್ಲ. 2019ರ ಏಪ್ರಿಲ್‌ನಲ್ಲಿ ‘ಬಾರ್ಡರ್‌ಲ್ಯಾಂಡ್ಸ್ 3’ ಮೊದಲು ಎಪಿಕ್ ಅಂಗಡಿಯಲ್ಲಷ್ಟೇ ಬರುತ್ತದೆಂದು ತಿಳಿದಾಗ, ಜನ ಆ ಸಿಟ್ಟನ್ನು ತೀರಿಸಿಕೊಂಡದ್ದು ಸ್ಟೀಮ್‌ನಲ್ಲಿದ್ದ ಹಳೆಯ ಭಾಗಗಳ ಮೇಲೆ.

ವಾಲ್ವ್ ಕೂಡ ಇದೇ ಪ್ರಶ್ನೆಯನ್ನು ಇಟ್ಟುಕೊಂಡು 2019ರ ಮಾರ್ಚ್‌ನಲ್ಲಿ ನಿಯಮ ಬದಲಿಸಿತು. ವಿಮರ್ಶೆಗಳ ಹರಿವಿನಲ್ಲಿ ಅಸಹಜ ಏರಿಳಿತ ಕಂಡರೆ ಅದರ ಸಿಬ್ಬಂದಿಗೆ ಎಚ್ಚರಿಕೆ ಹೋಗುತ್ತದೆ. ಅವರು ಪರಿಶೀಲಿಸಿ, ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ಕಂಡುಬಂದರೆ ಆ ಅವಧಿಯನ್ನು ಒಟ್ಟಾಗಿ ಲೆಕ್ಕದಿಂದ ಹೊರಗಿಡುತ್ತಾರೆ. ಬರೆದದ್ದು ಅಳಿಯುವುದಿಲ್ಲ, ಅಂಕಿಗೆ ಮಾತ್ರ ಸೇರುವುದಿಲ್ಲ. ಅಂಥ ಆಟದ ಅಂಕಿಯ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ ಇರುತ್ತದೆ; ಅದನ್ನು ಕಂಡರೆ ಏನನ್ನು ಹೊರಗಿಟ್ಟಿದ್ದಾರೆಂದು ನೋಡಲೇಬೇಕು. ಏಕೆಂದರೆ ಈ ನಿಯಮಕ್ಕೆ ಎರಡು ತೊಡಕುಗಳಿವೆ. ಒಂದು, ಹೊರಗಿಡುವುದು ಇಡೀ ಅವಧಿಯನ್ನು. ಆ ದಿನಗಳಲ್ಲಿ ಪ್ರಾಮಾಣಿಕವಾಗಿ ಬರೆದವರ ಮಾತೂ ಅದರೊಂದಿಗೆ ಹೋಗುತ್ತದೆ. ಎರಡನೆಯದು ಇನ್ನೂ ಮುಖ್ಯ: ನಕಲು ತಡೆ ತಂತ್ರಾಂಶ ಮತ್ತು ಬಳಕೆಯ ಕರಾರುಗಳ ಬಗೆಗಿನ ದೂರುಗಳನ್ನೂ ವಾಲ್ವ್ ವಿಷಯಬಾಹಿರ ಎಂದೇ ಎಣಿಸುತ್ತದೆ. ಅವು ನಿಮಗೆ ಮುಖ್ಯವಾಗಿದ್ದರೆ ವಾಲ್ವ್‌ನ ಲೆಕ್ಕ ನಿಮ್ಮ ಲೆಕ್ಕವಲ್ಲ. ಖಾತೆಯ ಆದ್ಯತೆಗಳಿಗೆ ಹೋಗಿ, ಹೊರಗಿಟ್ಟ ವಿಮರ್ಶೆಗಳನ್ನೂ ಸೇರಿಸಿ ಅಂಕಿ ತೋರಿಸುವಂತೆ ಬದಲಿಸಿಕೊಳ್ಳಬಹುದು.

ದಾಳಿ ಕೆಳಮುಖವಾಗಿಯೇ ಇರಬೇಕೆಂದೂ ಇಲ್ಲ. 2019ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿದ್ದಾಗ ಯೂಬಿಸಾಫ್ಟ್, ಆ ಚರ್ಚನ್ನು ವಿವರವಾಗಿ ಮರುಸೃಷ್ಟಿಸಿದ್ದ ‘ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ’ಯನ್ನು ತನ್ನ ಅಂಗಡಿಯಲ್ಲಿ ಕೆಲಕಾಲ ಉಚಿತವಾಗಿ ಕೊಟ್ಟಿತು. ಕೃತಜ್ಞತೆಯಿಂದ ಜನ ಸ್ಟೀಮ್‌ನಲ್ಲಿ ಅದಕ್ಕೆ ಮೆಚ್ಚುಗೆಯ ಮಳೆ ಸುರಿಸಿದರು. ಬಿಡುಗಡೆಯಾದಾಗ ದೋಷಗಳಿಂದ ಕುಖ್ಯಾತವಾಗಿದ್ದ ಆಟವದು. ಆ ಏಪ್ರಿಲ್‌ನ ನೀಲಿ ಕಂಬ ಯೂಬಿಸಾಫ್ಟ್‌ನ ಔದಾರ್ಯಕ್ಕೆ ಸಿಕ್ಕ ಚಪ್ಪಾಳೆ. ಆಟದ ಬಗ್ಗೆ ಅದು ಹೇಳಿದ್ದು ಕಡಿಮೆ.

ಇನ್ನೊಂದು ಬಗೆಯ ಕೆಂಪು ಕಂಬ ಭಾಷೆಯಿಂದ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಇಂಗ್ಲಿಷ್‌ನಲ್ಲಿ ಆಡಿದವರಿಂದ ಹೊಗಳಿಸಿಕೊಳ್ಳುತ್ತಿದ್ದಾಗಲೇ ಚೀನಿ ಭಾಷೆಯ ವಿಮರ್ಶೆಗಳು ಅದನ್ನು ಹಿಗ್ಗಾಮುಗ್ಗಾ ಜಾಡಿಸಿದವು. ಮುಖ್ಯ ಕಾರಣ ಅನುವಾದ ಕೃತಕವಾಗಿ, ಓದಲು ಕಷ್ಟವಾಗಿತ್ತು ಎಂಬುದು. ಚೀನಿಯಲ್ಲಿ ಆಡುವವರಿಗೆ ಅದು ಪೂರ್ತಿ ನ್ಯಾಯವಾದ ದೂರು, ಉಳಿದವರಿಗೆ ಸಂಬಂಧವಿಲ್ಲದ್ದು. ಅದಕ್ಕೆ ಕೆಲವೇ ವಾರಗಳ ಮೊದಲು ಸ್ಟೀಮ್, ಸಾಕಷ್ಟು ವಿಮರ್ಶೆಗಳಿರುವ ಆಟಗಳಿಗೆ ಭಾಷಾವಾರು ಅಂಕಿಯನ್ನು ತೋರಿಸಲು ಆರಂಭಿಸಿತ್ತು. ಹಾಗಾಗಿ ಈಗ ಪುಟದಲ್ಲಿ ಕಾಣುವ ಅಂಕಿ ಎಲ್ಲರದೋ ಒಂದು ಭಾಷೆಯವರದೋ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಇನ್ನು ಬಾಡಿಗೆ ಹೊಗಳಿಕೆ. ಸಿಟ್ಟಿನ ಗುಂಪು ಗದ್ದಲ ಮಾಡಿಕೊಂಡು ಬರುತ್ತದೆ, ಬಾಡಿಗೆಯವರು ಸದ್ದಿಲ್ಲದೆ ಬರುತ್ತಾರೆ. ಇವರನ್ನು ಹಿಡಿಯುವುದು ಕಷ್ಟ. ಇವರ ಕಾಟ ಹೆಚ್ಚಾಗಿರುವುದೂ ದೊಡ್ಡ ಆಟಗಳಲ್ಲಲ್ಲ. ಐವತ್ತು ಸಾವಿರ ವಿಮರ್ಶೆಗಳಿರುವ ಆಟದ ಅಂಕಿಯನ್ನು ನೂರು ಸುಳ್ಳು ಹೊಗಳಿಕೆಗಳು ಅಲ್ಲಾಡಿಸಲಾರವು. ನಲವತ್ತು ವಿಮರ್ಶೆಗಳಿರುವ ಸಣ್ಣ ಆಟಕ್ಕೆ ಹದಿನೈದು ಸಾಕು: 22 ಮೆಚ್ಚುಗೆ, 18 ಟೀಕೆ ಇದ್ದಾಗ ಶೇಕಡಾ 55ರ Mixed. ಹದಿನೈದು ಸೇರಿದರೆ 55ರಲ್ಲಿ 37, ಶೇಕಡಾ 67. ಇನ್ನೊಂದು ಐದು ಬಿದ್ದರೆ ಬಣ್ಣ ಬದಲಾಗುತ್ತದೆ.

ಮೊದಲೆಲ್ಲ ಇದಕ್ಕೆ ಸುಲಭದ ದಾರಿ ಸ್ಟೀಮ್ ಕೀಲಿಗಳಾಗಿದ್ದವು, ಅಂದರೆ ಖಾತೆಯಲ್ಲಿ ನಮೂದಿಸಿದರೆ ಆಟ ಸಿಗುವ ಸಂಕೇತಗಳು. ತಯಾರಕರು ಉಚಿತವಾಗಿ ಸೃಷ್ಟಿಸಿಕೊಂಡ ಕೀಲಿಗಳನ್ನು ತಮ್ಮದೇ ಬೇನಾಮಿ ಖಾತೆಗಳಿಗೋ, ಹಣ ಪಡೆದು ಬರೆಯುವವರಿಗೋ ಹಂಚಿ ಹೊಗಳಿಸಿಕೊಳ್ಳುತ್ತಿದ್ದರು. ನೇರವಾಗಿ ಕೊಂಡವರಿಗಿಂತ ಕೀಲಿಯಿಂದ ಪಡೆದವರು ಎದ್ದುಕಾಣುವಷ್ಟು ಹೆಚ್ಚು ಮೆಚ್ಚಿದ ಆಟಗಳು ಕನಿಷ್ಠ 160 ಇವೆಯೆಂದು ವಾಲ್ವ್ 2016ರ ಸೆಪ್ಟೆಂಬರ್‌ನಲ್ಲಿ ಹೇಳಿ, ಹೊರಗಿನ ಕೀಲಿಗಳಿಂದ ಬಂದ ವಿಮರ್ಶೆಗಳನ್ನು ಅಂಕಿಯಿಂದ ಕೈಬಿಟ್ಟಿತು. ಬರಹಗಳು ಮಾತ್ರ ಪುಟದಲ್ಲಿ ಇನ್ನೂ ಇರುತ್ತವೆ. ವಿಮರ್ಶೆಗಳ ಮೇಲಿರುವ Purchase Type ಆಯ್ಕೆಯಲ್ಲಿ ಸ್ಟೀಮ್‌ನಲ್ಲಿ ಕೊಂಡವರನ್ನೂ ಉಳಿದವರನ್ನೂ ಬೇರೆ ಬೇರೆಯಾಗಿ ನೋಡಬಹುದು. ಕೊಂಡವರು ಶೇಕಡಾ 60, ಉಳಿದವರು ಶೇಕಡಾ 97 ಮೆಚ್ಚಿದ್ದರೆ ನಾನಂತೂ ಅಲ್ಲಿಗೇ ನಿಲ್ಲಿಸುತ್ತೇನೆ. ಇದಕ್ಕೆ ಸದುದ್ದೇಶದ ವಿವರಣೆಯೂ ಇರಬಹುದು; ಬಿಡುಗಡೆಗೆ ಮೊದಲೇ ಚಂದಾ ಕೊಟ್ಟು ಬೆಂಬಲಿಸಿದವರಿಗೆ ಕೀಲಿಯೇ ಸಿಗುವುದು, ಅವರಿಗೆ ಆಟದ ಮೇಲೆ ಮಮತೆ ಜಾಸ್ತಿ. ಆದರೂ ಅಂತರ ಅಷ್ಟು ದೊಡ್ಡದಾದರೆ ಕೊಂಡವರ ಮಾತೇ ಮೇಲು.

ಕೀಲಿಯ ದಾರಿ ಮುಚ್ಚಿದ ಮೇಲೆ ಉಳಿದದ್ದು ನಿಜವಾಗಿಯೂ ಹಣ ಕೊಟ್ಟು ಕೊಳ್ಳಿಸುವುದು. 2018ರ ಫೆಬ್ರುವರಿಯಲ್ಲಿ ಇನ್ಸೆಲ್ ಗೇಮ್ಸ್ ಎಂಬ ಪ್ರಕಾಶನ ಸಂಸ್ಥೆಯ ಮುಖ್ಯಸ್ಥರು ಸಿಬ್ಬಂದಿಗೆ ಕಳಿಸಿದ ಇಮೇಲ್ ಬಯಲಾಯಿತು. ‘ವೈಲ್ಡ್ ಬಸ್ಟರ್’ ಆಟವನ್ನು ಕೊಂಡು ವಿಮರ್ಶೆ ಬರೆಯಿರಿ ಎಂಬ ಒತ್ತಾಯ ಅದರಲ್ಲಿತ್ತು. ವಾಲ್ವ್ ಆ ಸಂಸ್ಥೆಯ ಆಟಗಳನ್ನೆಲ್ಲ ಅಂಗಡಿಯಿಂದ ಕಿತ್ತುಹಾಕಿತು. ಗಮನಿಸಬೇಕಾದದ್ದು ಇದು ಬೆಳಕಿಗೆ ಬಂದ ಬಗೆ. ಹಿಡಿದುಕೊಟ್ಟದ್ದು ಸೋರಿಹೋದ ಇಮೇಲ್. ಸಿಬ್ಬಂದಿ ಹಣ ಕೊಟ್ಟೇ ಕೊಂಡರೆ ಅವರ ವಿಮರ್ಶೆ ಅಂಗಡಿಯ ಲೆಕ್ಕದಲ್ಲಿ ಉಳಿದ ಗ್ರಾಹಕರ ವಿಮರ್ಶೆಯಂತೆಯೇ ಇರುತ್ತದೆ.

ಹಾಗಾದರೆ ಓದುಗನಿಗೆ ಉಳಿಯುವ ಸುಳಿವೇನು? ಬರಹದಲ್ಲಿ ನಾನು ಮೊದಲು ಹುಡುಕುವುದು ವಿವರವನ್ನು. ಆಡಿದವನು ಬೇಕೆಂದರೂ ಬೇಡವೆಂದರೂ ಯಾವುದೋ ಒಂದು ಹಂತ, ಒಂದು ಆಯುಧ, ಒಂದು ಕಿರಿಕಿರಿಯ ಹೆಸರು ಹೇಳಿಬಿಡುತ್ತಾನೆ. ಮೆಚ್ಚಿದವನೂ ಗೊಣಗುತ್ತಾನೆ: ‘ನಕ್ಷೆ ತೆರೆದಾಗಲೆಲ್ಲ ಆಟ ಒಂದು ಕ್ಷಣ ನಿಲ್ಲುತ್ತದೆ, ಮೂರನೆಯ ಅಧ್ಯಾಯ ಎಳೆದಂತಿದೆ, ಆದರೂ ಆಡಿ.’ ಇಂಥ ಬರಹ ಬಾಡಿಗೆಗೆ ಸಿಗುವುದು ದುರ್ಲಭ, ಏಕೆಂದರೆ ಅದಕ್ಕೆ ಆಡಬೇಕು, ಆಡಲು ಸಮಯ ಬೇಕು. ಬಾಡಿಗೆಯ ಬರಹ ಹೀಗಿರುತ್ತದೆ: ‘ಅದ್ಭುತ ಗ್ರಾಫಿಕ್ಸ್, ರೋಚಕ ಕಥೆ, ಸುಮಧುರ ಸಂಗೀತ, ಎಲ್ಲರೂ ಆಡಲೇಬೇಕು.’ ಇದನ್ನು ಹಾಗೇ ಎತ್ತಿ ಬೇರೆ ಯಾವ ಆಟದ ಪುಟಕ್ಕೆ ಅಂಟಿಸಿದರೂ ಸರಿಹೊಂದುತ್ತದೆ. ಎಷ್ಟೋ ಸಲ ಮಾತುಗಳು ತಯಾರಕರೇ ಬರೆದ ಪರಿಚಯದಿಂದ ನೇರ ಇಳಿದಿರುತ್ತವೆ.

ಎರಡನೆಯದು ಗಂಟೆಗಳು. ಪ್ರತಿ ವಿಮರ್ಶೆಯ ಮೇಲೂ ಬರೆದವನು ಒಟ್ಟು ಎಷ್ಟು ಗಂಟೆ ಆಡಿದ್ದಾನೆ, ಬರೆಯುವಾಗ ಎಷ್ಟು ಆಡಿದ್ದ ಎಂಬುದು ಕಾಣುತ್ತದೆ. ನಲವತ್ತು ಗಂಟೆಯ ಆಟವನ್ನು ಇಪ್ಪತ್ತು ನಿಮಿಷ ಆಡಿ ಕಥೆಯ ಅಂತ್ಯ ಹೊಗಳಿದವನನ್ನು ನಂಬಬೇಕಿಲ್ಲ. ಇಪ್ಪತ್ತು ನಿಮಿಷ ಆಡಿ ‘ನನ್ನ ಕಂಪ್ಯೂಟರಿನಲ್ಲಿ ಆಟ ಶುರುವಾಗಲೇ ಇಲ್ಲ’ ಎಂದವನನ್ನು ಮಾತ್ರ ನಂಬಲೇಬೇಕು. ಆ ಮಾತಿಗೆ ಅಷ್ಟೇ ಸಮಯ ಸಾಕು. ಗಂಟೆಗಳೂ ಪೂರ್ಣ ಪುರಾವೆಯಲ್ಲ. ಆಟವನ್ನು ಸುಮ್ಮನೆ ತೆರೆದಿಟ್ಟು ಗಂಟೆ ಬೆಳೆಸುವ ತಂತ್ರಾಂಶಗಳಿವೆ. ಹಾಗಾಗಿ ಸಂಶಯ ಬಂದಾಗ ಬರೆದವನ ಹೆಸರನ್ನು ಒತ್ತಿ ಅವನ ಉಳಿದ ವಿಮರ್ಶೆಗಳನ್ನು ನೋಡುವುದು ಒಳ್ಳೆಯದು. ಸಾಮಾನ್ಯ ಆಟಗಾರನ ಪಟ್ಟಿ ಅಸ್ತವ್ಯಸ್ತವಾಗಿರುತ್ತದೆ: ಒಂದು ಹೊಗಳಿಕೆ, ಎರಡು ತೆಗಳಿಕೆ, ಮಧ್ಯೆ ಒಂದು ನಗೆಚಟಾಕಿ. ಯಾರೂ ಕೇಳದ ಹತ್ತು ಸಣ್ಣ ಆಟಗಳಿಗೆ ಒಂದೇ ಅಳತೆಯ ಹತ್ತು ಹೊಗಳಿಕೆಗಳಿದ್ದರೆ, ಅದರಲ್ಲೂ ಅವೆಲ್ಲ ಬಿಡುಗಡೆಯ ದಿನವೇ ಬರೆದವಾಗಿದ್ದರೆ, ಅದು ಹವ್ಯಾಸದಂತೆ ಕಾಣುವುದಿಲ್ಲ.

Product received for free ಎಂಬ ಸಾಲಿಗೆ ಹೆದರಬೇಕಿಲ್ಲ. ಉಚಿತವಾಗಿ ಪಡೆದೆನೆಂದು ಒಪ್ಪಿಕೊಂಡವನು ಕನಿಷ್ಠ ಅಷ್ಟರಮಟ್ಟಿಗೆ ಪ್ರಾಮಾಣಿಕ. ಮುಚ್ಚಿಟ್ಟವನ ಬಗ್ಗೆ ಆ ಸಾಲು ಏನನ್ನೂ ಹೇಳುವುದಿಲ್ಲ.

ಕೊಂಡದ್ದಕ್ಕೆ ಪುರಾವೆಯನ್ನೇ ಕೇಳದ ತಾಣಗಳಲ್ಲಿ ಇಷ್ಟೆಲ್ಲ ಶೋಧನೆಗೆ ಅವಕಾಶವೇ ಇರುವುದಿಲ್ಲ. 2020ರ ಜೂನ್‌ನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಮೆಟಾಕ್ರಿಟಿಕ್‌ನಲ್ಲಿ ಸಾವಿರಾರು ಸೊನ್ನೆಗಳು ಬಿದ್ದವು. ಅಷ್ಟರಲ್ಲಿ ಆ ಆಟ ಮುಗಿಸಲು ಯಾರಿಗೂ ಸಾಧ್ಯವಿರಲಿಲ್ಲ. ಮುಂದಿನ ತಿಂಗಳು ಆ ತಾಣ, ಆಟ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರ ವಿಮರ್ಶೆ ತೆಗೆದುಕೊಳ್ಳುವುದಿಲ್ಲವೆಂದು ನಿಯಮ ಮಾಡಿತು. ಅಂಥ ಕಡೆಗಳಲ್ಲಿ ಅಂಕಿಯನ್ನು ಬಿಟ್ಟು ನಡುವಣ ಅಂಕ ಕೊಟ್ಟವರ ಬರಹಗಳನ್ನಷ್ಟೇ ಓದುತ್ತೇನೆ. ಸಿಟ್ಟಿನವರು ಸೊನ್ನೆ ಕೊಡುತ್ತಾರೆ, ಬಾಡಿಗೆಯವರು ಹತ್ತು. ಆರು ಏಳು ಕೊಡಲು ಯಾರೂ ಯಾರಿಗೂ ಹಣ ಕೊಡುವುದಿಲ್ಲ.

ಸ್ಟೀಮ್‌ನಲ್ಲಿ ಇವೆಲ್ಲವನ್ನೂ ಮಾಡಲು ಹತ್ತು ನಿಮಿಷ ಸಾಕು. ಎರಡು ಅಂಕಿಗಳ ಅಂತರ, ನಕ್ಷೆಯ ಆಕಾರ, ಅತಿ ಉದ್ದದ ಕೆಂಪು ಕಂಬ ಒತ್ತಿ ಅಲ್ಲಿಯ ಐದಾರು ಬರಹಗಳು. ಆಮೇಲೆ ಕಳೆದ ತಿಂಗಳ ಟೀಕೆಗಳಲ್ಲಿ ಐದು ಗಂಟೆಗಿಂತ ಹೆಚ್ಚು ಆಡಿದವರದ್ದನ್ನು ಮಾತ್ರ ಸೋಸಿ ಓದಿದರೆ ಆಟದ ನಿಜವಾದ ಕುಂದುಗಳ ಪಟ್ಟಿಯೇ ಸಿಗುತ್ತದೆ. ಬರೀ ಹನ್ನೆರಡು ವಿಮರ್ಶೆಗಳಿರುವ ಆಟದ ಮುಂದೆ ಈ ಯಾವ ಉಪಾಯವೂ ನಡೆಯುವುದಿಲ್ಲ. ಅಲ್ಲಿ ಆಕಾರವೇ ಇಲ್ಲ, ಮೂರು ಜನ ಗೆಳೆಯರು ಸೇರಿದರೂ ಅಂಕಿ ತಿರುಗುತ್ತದೆ. ಅಂಥ ಆಟಕ್ಕೂ, ಸಂಶಯ ಪೂರ್ತಿ ಬಗೆಹರಿಯದ ದೊಡ್ಡ ಆಟಕ್ಕೂ ಕೊನೆಯ ಪರೀಕ್ಷೆ ಮರುಪಾವತಿಯ ನಿಯಮ: ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಆ ಎರಡು ಗಂಟೆಗಳನ್ನು ಕಥೆಯ ಆರಂಭಕ್ಕೆ ಕಳೆಯಬೇಡಿ. ಟೀಕೆಗಳಲ್ಲಿ ಪದೇ ಪದೇ ಬಂದ ದೂರನ್ನೇ ಮೊದಲು ಪರೀಕ್ಷಿಸಿ: ಆಟ ತಡವರಿಸುತ್ತದೆ ಎಂದಿದ್ದರೆ ಗ್ರಾಫಿಕ್ಸ್ ಮಟ್ಟ ಏರಿಸಿ ಜನಸಂದಣಿಯ ಜಾಗಕ್ಕೆ ಹೋಗಿ, ಖಾತೆ ಕೇಳುತ್ತದೆ ಎಂದಿದ್ದರೆ ಖಾತೆ ತೆರೆಯಲು ಆಗುತ್ತದೆಯೇ ನೋಡಿ, ಆನ್‌ಲೈನ್‌ನಲ್ಲಿ ಜೊತೆಗಾರರೇ ಸಿಗುವುದಿಲ್ಲ ಎಂದಿದ್ದರೆ ನೀವು ಸಾಮಾನ್ಯವಾಗಿ ಆಡುವ ಹೊತ್ತಿನಲ್ಲೇ ಪಂದ್ಯವೊಂದಕ್ಕೆ ಕಾದು ನೋಡಿ. ಸೆಟ್ಟಿಂಗ್ಸ್ ಬದಲಿಸುತ್ತ ಕಳೆದ ನಿಮಿಷಗಳೂ ಆ ಎರಡು ಗಂಟೆಗಳ ಲೆಕ್ಕಕ್ಕೇ ಸೇರುತ್ತವೆ.